ಮುಡಿದ ಮಲ್ಲಿಗೆ ಕಾಣೆಯಾದಾಗ

ಮದುವೆ ಆಲ್ಬಮ್ಮಿನ ಮುಖಪುಟಕ್ಕೆ ಮದುಮಗಳ ಚಿತ್ರವನ್ನು ಹಿನ್ನೆಲೆಯಿಂದ ಬಿಡಿಸಿ ಬೇರೆ ಹಿನ್ನೆಲೆಯ ಮೇಲೆ ಕೂರಿಸುವುದು ಸ್ಟುಡಿಯೋಗಳಲ್ಲಿ ದಿನವೂ ನಡೆಯುವ ಕೆಲಸ. ಹಿಂದೆ ಇದಕ್ಕೆ ಪೆನ್ ಟೂಲ್ ಹಿಡಿದು ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾ ಹೋಗಬೇಕಿತ್ತು. 2018ರಲ್ಲಿ ಫೋಟೋಶಾಪ್‌ಗೆ Select Subject ಬಂದ ಮೇಲೆ, ಒಂದು ಕ್ಲಿಕ್ಕಿಗೆ ಅದೇ ಆಳನ್ನು ಗುರುತಿಸಿ ಸೆಲೆಕ್ಷನ್ ಮಾಡಿಕೊಡುತ್ತದೆ. ಅದನ್ನು ಮಾಸ್ಕ್ ಆಗಿಸಿದರೆ ಹಿನ್ನೆಲೆ ಮರೆಯಾಗುತ್ತದೆ. ಕೆಲಸ ಮುಗಿಯಿತು ಎಂದು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ.

ಮಾಸ್ಕ್ ಎಂದರೆ ಫೋಟೋಗೆ ಅಂಟಿಕೊಂಡ ಇನ್ನೊಂದು ಕಪ್ಪು-ಬಿಳುಪು ಚಿತ್ರ. ಬಿಳಿ ಇರುವಲ್ಲಿ ಫೋಟೋ ಕಾಣುತ್ತದೆ, ಕಪ್ಪು ಇರುವಲ್ಲಿ ಮರೆಯಾಗುತ್ತದೆ, ಬೂದು ಇರುವಲ್ಲಿ ಅರೆಬರೆ ಕಾಣುತ್ತದೆ. ಏನೂ ಅಳಿಸಿಹೋಗಿರುವುದಿಲ್ಲ, ಬಿಳಿ ಬಳಿದರೆ ಮರೆಯಾದದ್ದು ಮತ್ತೆ ಬರುತ್ತದೆ. ತಪ್ಪು ಹುಡುಕಬೇಕಾದರೆ ಫೋಟೋವನ್ನಲ್ಲ, ಈ ಮಾಸ್ಕನ್ನೇ ನೋಡಬೇಕು. Alt ಒತ್ತಿಕೊಂಡು ಮಾಸ್ಕಿನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅದೊಂದೇ ಪರದೆ ತುಂಬ ಕಾಣುತ್ತದೆ.

ಒಂದು ಫೋಟೋ ಇಟ್ಟುಕೊಂಡೇ ನೋಡೋಣ. ಮದುಮಗಳು ಸೊಂಟದ ಮೇಲೆ ಒಂದು ಕೈ ಇಟ್ಟಿದ್ದಾಳೆ, ಇನ್ನೊಂದು ಕೈಯಲ್ಲಿ ಆರತಿ ತಟ್ಟೆ. ಜಡೆಯ ತುಂಬ ಮಲ್ಲಿಗೆ, ಹಿಂದೆ ಬಿಳಿ ಶಾಮಿಯಾನ, ಬದಿಯಲ್ಲಿ ಬಾಳೆಗಿಡದ ಹಸಿರು. ಮಾಸ್ಕ್ ತೆರೆದು ನೋಡಿದರೆ ಸೀರೆ, ಮುಖ ಚೊಕ್ಕವಾಗಿವೆ. ಆದರೆ ತಟ್ಟೆ ಇಲ್ಲ. ಯಂತ್ರ ಕಲಿತಿರುವುದು ಸಾವಿರಾರು ಚಿತ್ರಗಳಿಂದ; ಮನುಷ್ಯಾಕೃತಿ ಅದಕ್ಕೆ ಗೊತ್ತು, ಆ ಆಕೃತಿಯ ಆಚೆ ಚಾಚಿದ ವಸ್ತುವನ್ನು ಬಿಟ್ಟುಬಿಡುವುದುಂಟು. ಆದ್ದರಿಂದ ಮಾಸ್ಕ್ ಆಗಿಸುವ ಮೊದಲು, ಸೆಲೆಕ್ಷನ್ ಇರುವಾಗಲೇ Object Selection ಹಿಡಿದು, Shift ಒತ್ತಿ ತಟ್ಟೆಯ ಸುತ್ತ ಒಂದು ಚೌಕ ಎಳೆದರೆ ಅದೂ ಸೇರಿಕೊಳ್ಳುತ್ತದೆ. ಕೈ ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಇದೇ ತಪ್ಪು ತಿರುಗುಮುರುಗಾಗಿದೆ. ಅಲ್ಲಿ ಶಾಮಿಯಾನ ಇಣುಕುತ್ತಿದ್ದರೂ ಯಂತ್ರ ಅದನ್ನು ಮೈಯೆಂದೇ ತಿಳಿದಿದೆ. ಲ್ಯಾಸೋದಿಂದ ಆ ಸಂದಿಯನ್ನು ಸುತ್ತಿ, ಮಾಸ್ಕಿನಲ್ಲಿ ಕಪ್ಪು ತುಂಬಬೇಕು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಮಲ್ಲಿಗೆ. ಬಿಳಿ ಬಟ್ಟೆಯ ಮುಂದೆ ಬಿಳಿ ಹೂವು, ಎಲ್ಲಿ ಹೂ ಮುಗಿಯಿತು ಎಲ್ಲಿ ಬಟ್ಟೆ ಶುರುವಾಯಿತು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ದಂಡೆಯ ಹೊರಗಿನ ಸಾಲನ್ನು ಅದು ಅರ್ಧಕ್ಕೆ ಕತ್ತರಿಸಿದೆ. ನಮ್ಮ ಕಣ್ಣಿಗೂ ಗಡಿ ಸರಿಯಾಗಿ ಕಾಣದು. ಇಲ್ಲಿ ಒಂದು ಉಪಾಯವಿದೆ. ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು Curves ಲೇಯರ್ ಹಾಕಿ, ಚಿತ್ರವನ್ನು ಚೆನ್ನಾಗಿ ಕಪ್ಪಾಗಿಸಬೇಕು. ಎರಡು ಬಿಳಿಗಳ ನಡುವೆ ಇದ್ದ ಸಣ್ಣ ವ್ಯತ್ಯಾಸ ಆಗ ಎದ್ದು ಕಾಣುತ್ತದೆ, ಎಸಳಿನ ಅಂಚಿನ ನೆರಳು ಗೆರೆಯಾಗಿ ತೋರುತ್ತದೆ. Alt ಮತ್ತು Shift ಎರಡನ್ನೂ ಒತ್ತಿ ಮಾಸ್ಕಿನ ಮೇಲೆ ಕ್ಲಿಕ್ ಮಾಡಿದರೆ, ಮರೆಯಾದ ಭಾಗಕ್ಕೆ ಕೆಂಪು ಲೇಪ ಬಂದು, ಕತ್ತರಿಸಿಹೋದ ಹೂ ಯಾವುದು ಎಂದು ಗೊತ್ತಾಗುತ್ತದೆ. 200 ಶೇಕಡಾ ಹಿಗ್ಗಿಸಿಕೊಂಡು, ಮೊಗ್ಗಿಗಿಂತ ಸಣ್ಣ ಬ್ರಷ್‌ನಿಂದ ಬಿಳಿ ಬಳಿಯುತ್ತಾ ಒಂದೊಂದೇ ಎಸಳನ್ನು ವಾಪಸು ತರಬೇಕು. ಬ್ರಷ್ಷಿನ ಅಂಚು ತೀರಾ ಮೆದುವಾದರೆ ಹೂವಿನ ಸುತ್ತ ಮಂಜು ಕವಿದಂತಾಗುತ್ತದೆ, ತೀರಾ ಗಡುಸಾದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಫೋಟೋದಲ್ಲಿ ಆ ಅಂಚು ಎಷ್ಟು ಸ್ಪಷ್ಟವಾಗಿದೆಯೋ ಬ್ರಷ್ಷೂ ಅಷ್ಟೇ ಇರಲಿ. ಮುಗಿದ ಮೇಲೆ Curves ಲೇಯರನ್ನು ಅಳಿಸಿಬಿಡಿ.

ಕೂದಲ ವಿಷಯಕ್ಕೆ ಬ್ರಷ್ ಸಾಲದು. Select and Mask ತೆರೆದು ಅಲ್ಲಿನ Refine Edge ಬ್ರಷ್ಷನ್ನು ಹಣೆಯ ಮುಂಗುರುಳು, ಕಿವಿಯ ಬಳಿಯ ಹಾರುಗೂದಲ ಮೇಲೆ ಮಾತ್ರ ಓಡಿಸಬೇಕು. ಅದು ಎಳೆಗೂ ಹಿನ್ನೆಲೆಗೂ ಇರುವ ಬಣ್ಣದ ವ್ಯತ್ಯಾಸ ನೋಡಿ ಮಾಸ್ಕಿನಲ್ಲಿ ಬೂದು ಎಳೆಗಳನ್ನು ಮೂಡಿಸುತ್ತದೆ. ಅದೇ ಬ್ರಷ್ ಸೀರೆಯ ಜರಿ ಅಂಚಿನ ಮೇಲೋ ಬಳೆಯ ಮೇಲೋ ಹೋದರೆ ಗಟ್ಟಿ ಅಂಚೂ ಅರೆಪಾರದರ್ಶಕವಾಗಿ ಕೊರೆದುಹೋಗುತ್ತದೆ. ಕೂದಲಿಗೆ ಬೇಕಾದ ಬೂದು ಬಳೆಗೆ ದೋಷ. ಇಡೀ ಅಂಚಿಗೆ ಒಂದೇ ಹದ ಹಾಕುವವರ ಕೆಲಸ ಕೆಡುವುದು ಇಲ್ಲೇ.

ಮಾಸ್ಕ್ ಸರಿಯಾದರೂ ಬಾಳೆಯ ಹಸಿರು ಕೂದಲಂಚಿನಲ್ಲಿ ಉಳಿದಿರುತ್ತದೆ; ಅದು ಆ ಎಳೆಗಳ ಬಣ್ಣದಲ್ಲೇ ಬೆರೆತಿದೆ. ಮೇಲೊಂದು ಖಾಲಿ ಲೇಯರ್ ಇಟ್ಟು, ಅದನ್ನು ಮದುಮಗಳ ಲೇಯರಿಗೆ ಕ್ಲಿಪ್ ಮಾಡಿ, ಬ್ಲೆಂಡ್ ಮೋಡನ್ನು Color ಆಗಿಸಿ, ಪಕ್ಕದ ಕೂದಲಿನಿಂದ ಬಣ್ಣ ತೆಗೆದುಕೊಂಡು ಹಸಿರಿನ ಮೇಲೆ ಮೆತ್ತಗೆ ಬಳಿದರೆ ಹೋಗುತ್ತದೆ. ಆಮೇಲೆ ಕೆಳಗೆ ಒಮ್ಮೆ ಕಪ್ಪು, ಒಮ್ಮೆ ಬಿಳಿ ಲೇಯರ್ ಇಟ್ಟು 100 ಶೇಕಡಾ ಗಾತ್ರದಲ್ಲಿ ಸುತ್ತ ಕಣ್ಣಾಡಿಸಬೇಕು. ಕಪ್ಪಿನ ಮೇಲೆ ಶಾಮಿಯಾನದ ಬಿಳಿ ಅಂಚು ಎದ್ದು ಕಾಣುತ್ತದೆ. ಬಿಳಿಯ ಮೇಲೆ, ಅಂಚಿನಲ್ಲಿ ಇನ್ನೂ ಅಂಟಿಕೊಂಡಿರುವ ಗಾಢ ಹಸಿರು.