ತಂತಿ ಸುದ್ದಿಯ ಬಾಗಿಲಲ್ಲಿ ಕುಳಿತವರು

ಪತ್ರಿಕೆಯ ಡೆಸ್ಕಿಗೆ ಸುದ್ದಿಸಂಸ್ಥೆಗಳು ಕಳಿಸುವ ವರದಿಗಳಲ್ಲಿ ಅಚ್ಚಾಗುವುದು ಒಂದು ಸಣ್ಣ ಪಾಲು ಮಾತ್ರ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸುವವರನ್ನು ಮಾಧ್ಯಮ ಅಧ್ಯಯನದಲ್ಲಿ ‘ದ್ವಾರಪಾಲಕರು’ ಎನ್ನುತ್ತಾರೆ. ಈ ಕಲ್ಪನೆ ಹುಟ್ಟಿದ್ದು ಮಾತ್ರ ಅಡುಗೆಮನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಯೋವಾದಲ್ಲಿದ್ದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್, ಕುಟುಂಬಗಳ ಆಹಾರಪದ್ಧತಿಯನ್ನು ಬದಲಿಸುವುದು ಹೇಗೆಂದು ಅಧ್ಯಯನ ಮಾಡುತ್ತಿದ್ದರು. ಅಂಗಡಿಯಿಂದಲೋ ಹಿತ್ತಲಿನಿಂದಲೋ ಹೊರಟ ಆಹಾರ ಊಟದ ಮೇಜು ತಲಪುವ ಮೊದಲು ಹಲವು ಬಾಗಿಲು ದಾಟಬೇಕು, ಆ ಬಾಗಿಲುಗಳ ಬಳಿ ನಿಂತವಳು ಹೆಚ್ಚಾಗಿ ಮನೆಯ ಗೃಹಿಣಿ ಎಂಬುದು ಅವರು ಕಂಡುಕೊಂಡ ಸಂಗತಿ. ಸುದ್ದಿಯೂ ಇಂಥದೇ ಹಾದಿಯಲ್ಲಿ ಸಾಗುತ್ತದೆ ಎಂದು ಅವರು ಸೂಚಿಸಿದ್ದರು.

ಆ ಸೂಚನೆಯನ್ನು ಪತ್ರಿಕಾಲಯಕ್ಕೆ ಒಯ್ದು ಪರೀಕ್ಷಿಸಿದವರು ಡೇವಿಡ್ ಮ್ಯಾನಿಂಗ್ ವೈಟ್. ಅವರು ಆರಿಸಿಕೊಂಡದ್ದು ಅಮೆರಿಕದ ಮಧ್ಯಪಶ್ಚಿಮದ ಕೈಗಾರಿಕಾ ನಗರವೊಂದರಲ್ಲಿ ಸುಮಾರು 30,000 ಪ್ರಸಾರವಿದ್ದ ಒಂದು ಬೆಳಗಿನ ಪತ್ರಿಕೆಯನ್ನು. ಅಲ್ಲಿ ತಂತಿ ಸುದ್ದಿ ನೋಡಿಕೊಳ್ಳುತ್ತಿದ್ದ, ನಲವತ್ತು ದಾಟಿದ ಅನುಭವಿ ಸಂಪಾದಕನಿಗೆ ಅವರು ‘ಮಿಸ್ಟರ್ ಗೇಟ್ಸ್’ ಎಂದು ಹೆಸರಿಟ್ಟರು. ಅಸೋಸಿಯೇಟೆಡ್ ಪ್ರೆಸ್, ಯುನೈಟೆಡ್ ಪ್ರೆಸ್, ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ ಎಂಬ ಮೂರು ಸಂಸ್ಥೆಗಳ ಟೆಲಿಪ್ರಿಂಟರುಗಳು ಕಕ್ಕುವ ಕಾಗದವೆಲ್ಲ ಅವನ ಮೇಜಿಗೆ ಬರುತ್ತಿತ್ತು. 1949ರ ಫೆಬ್ರವರಿಯಲ್ಲಿ ಒಂದು ವಾರ ಅವನು ತಾನು ಬಿಟ್ಟ ಪ್ರತಿಯೊಂದು ವರದಿಯನ್ನೂ ಎಸೆಯದೆ ಇಟ್ಟುಕೊಂಡ. ರಾತ್ರಿ ಒಂದು ಗಂಟೆಗೆ ಕೆಲಸ ಮುಗಿದ ಮೇಲೆ ಮತ್ತೆ ಒಂದೂವರೆ, ಎರಡು ತಾಸು ಕುಳಿತು ಅವುಗಳ ಮೇಲೆ ‘ಏಕೆ ಬಿಟ್ಟೆ’ ಎಂಬುದನ್ನು ಬರೆದ.

ಆ ವಾರ ಬಂದದ್ದು ಸುಮಾರು 12,400 ಕಾಲಂ ಇಂಚು, ಬಳಕೆಯಾದದ್ದು 1,297. ಕಾಲಂ ಇಂಚು ಎಂದರೆ ಒಂದು ಕಾಲಂ ಅಗಲ, ಒಂದು ಇಂಚು ಉದ್ದದ ಜಾಗ. ಎಂಟು ಕಾಲಂಗಳ, ಪ್ರತಿ ಕಾಲಂ 21 ಇಂಚಿರುವ ಪುಟವೊಂದನ್ನು ಊಹಿಸಿಕೊಂಡರೆ ಅದರಲ್ಲಿ 168 ಇಂಚು ಹಿಡಿಯುತ್ತದೆ. ಆ ಲೆಕ್ಕದಲ್ಲಿ ಗೇಟ್ಸ್‌ನ ಮೇಜಿಗೆ ದಿನಕ್ಕೆ ಹತ್ತು ಪುಟಕ್ಕೂ ಮಿಕ್ಕಿ ಬಂದದ್ದರಲ್ಲಿ ಅವನು ಒಳಗೆ ಬಿಡಲು ಸಾಧ್ಯವಾದದ್ದು ಒಂದು ಪುಟಕ್ಕಿಂತ ತುಸು ಹೆಚ್ಚು. ಹತ್ತರಲ್ಲಿ ಒಂಬತ್ತು ಪಾಲು ಅವನ ಮೇಜಿನಲ್ಲೇ ಉಳಿಯಿತು.

ವೈಟ್ ಈ ಚೀಟಿಗಳನ್ನು ಓದಿ, ಆಯ್ಕೆ ಬಹಳ ಮಟ್ಟಿಗೆ ವೈಯಕ್ತಿಕ ಎಂಬ ತೀರ್ಮಾನಕ್ಕೆ ಬಂದರು. ಅದಕ್ಕೆ ಕಾರಣವಿತ್ತು. ‘ಸ್ವಾರಸ್ಯವಿಲ್ಲ’, ‘ಪ್ರಚಾರ’ ಎಂಬಂಥ ಷರಾಗಳು ಅಲ್ಲಿದ್ದವು, ಯಾರೋ ಒಬ್ಬರು ಅತಿ ಕೆಂಪು ಎಂಬ ಮಾತೂ ಇತ್ತು. ಅಂಕಿಅಂಶ ತುಂಬಿದ ವರದಿ ತನಗೆ ಹಿಡಿಸದು, ಅಧ್ಯಕ್ಷ ಟ್ರೂಮನ್ ಅವರ ಆರ್ಥಿಕ ನೀತಿಯೂ ಹಿಡಿಸದು ಎಂದು ಗೇಟ್ಸ್ ಸ್ವತಃ ಒಪ್ಪಿಕೊಂಡಿದ್ದ. 1950ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಓದುಗರ ಮನಸ್ಸಿನಲ್ಲಿ ಉಳಿದದ್ದು ಇಂಥ ಷರಾಗಳೇ. ಜಗತ್ತಿನಲ್ಲಿ ಏನಾಯಿತು ಎಂಬುದನ್ನು ಒಂದು ಊರಿಗೆ ಒಬ್ಬನ ರುಚಿ ತೀರ್ಮಾನಿಸುತ್ತದೆ ಎಂಬ ಮಾತು ಸಹಜವಾಗಿಯೇ ಬೆಚ್ಚಿಬೀಳಿಸುತ್ತದೆ.

ಆದರೆ ಅದೇ ಚೀಟಿಗಳು ಇನ್ನೊಂದು ಕತೆಯನ್ನೂ ಹೇಳುತ್ತವೆ, ಮತ್ತು ಅದೇ ಹೆಚ್ಚು ಮುಖ್ಯವಾದದ್ದು. ಘಟನೆಯೇ ಪ್ರಕಟಣೆಗೆ ಯೋಗ್ಯವಲ್ಲ ಎಂದು ಬಿಟ್ಟ ಸಂದರ್ಭಗಳು 423. ಜಾಗ ಸಾಲದೆಯೋ, ಅದೇ ಸಂಗತಿಯ ಬೇರೆ ವರದಿ ಸಿಕ್ಕಿದ್ದರಿಂದಲೋ ಬಿಟ್ಟವು 910. ‘ಜಾಗವಿದ್ದರೆ ಹಾಕುತ್ತಿದ್ದೆ’ ಎಂಬ ಅರ್ಥದ ಷರಾ ಮತ್ತೆ ಮತ್ತೆ ಬರುತ್ತದೆ. ಅಂದರೆ ತಡೆಯಲ್ಪಟ್ಟ ವರದಿಗಳಲ್ಲಿ ದೊಡ್ಡ ಪಾಲಿಗೆ ಗೇಟ್ಸ್‌ನ ವಿರೋಧವೇನೂ ಇರಲಿಲ್ಲ.

ಪುಟ ತಯಾರಾಗುವ ಕ್ರಮ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಡಮ್ಮಿಯ ಮೇಲೆ ಮೊದಲು ಕೂರುವುದು ಜಾಹೀರಾತು. ಸುದ್ದಿಗೆ ಸಿಗುವುದು ಉಳಿದ ಜಾಗ, ಅದರಲ್ಲೂ ಸ್ಥಳೀಯ ವರದಿ, ಕ್ರೀಡೆಗಳ ಪಾಲು ಬೇರೆ. ಒಳಪುಟಗಳು ಮೊದಲು ಮುಗಿಯಬೇಕು, ಮುಖಪುಟ ಕೊನೆಗೆ. ಸಂಜೆ ಏಳಕ್ಕೆ ಬಂದ ಒಂದು ಅಪಘಾತದ ವರದಿಗೆ ಖಾಲಿ ಪುಟ ಕಾದಿರುತ್ತದೆ. ಅಷ್ಟೇ ತೂಕದ ಮತ್ತೊಂದು ವರದಿ ಹನ್ನೊಂದಕ್ಕೆ ಬಂದರೆ, ಕೂರಿಸಿದ್ದನ್ನು ಕೀಳದೆ ಅದಕ್ಕೆ ಜಾಗವಿಲ್ಲ. ರಾತ್ರಿ ಏರಿದಂತೆ ಬಾಗಿಲು ಕಿರಿದಾಗುತ್ತ ಹೋಗುತ್ತದೆ. ಸುದ್ದಿಯ ಯೋಗ್ಯತೆಯಷ್ಟೇ ಅದು ಬಂದ ಹೊತ್ತೂ ಅದರ ಹಣೆಬರಹವನ್ನು ಬರೆಯುತ್ತದೆ.

ತಂತಿ ವರದಿಯ ರಚನೆಯೇ ಈ ಅವಸರಕ್ಕೆ ಒಗ್ಗಿಕೊಂಡದ್ದು. ಮುಖ್ಯಾಂಶವೆಲ್ಲ ಮೊದಲ ಪ್ಯಾರಾದಲ್ಲಿ, ವಿವರ ನಂತರ, ಹಿನ್ನೆಲೆ ಕೊನೆಯಲ್ಲಿ. ಹಾಗಿದ್ದರೆ ಪೂರ್ತಿ ಓದದೆಯೇ ಬುಡದಿಂದ ಕತ್ತರಿಸಬಹುದು. ಇದರ ನಷ್ಟ ಓದುಗನಿಗೆ: ಘಟನೆ ಉಳಿಯುತ್ತದೆ, ಅದು ಏಕೆ ನಡೆಯಿತು ಎಂಬ ಪ್ಯಾರಾ ಹೋಗುತ್ತದೆ.

ವಾಲ್ಟರ್ ಗೀಬರ್ 1956ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಸ್ಕಾನ್ಸಿನ್ ರಾಜ್ಯದ 16 ತಂತಿ ಸಂಪಾದಕರನ್ನು ಗಮನಿಸಿದರು. ಅವರಿಗೆ ಎದ್ದು ಕಂಡದ್ದು ವೈಯಕ್ತಿಕ ರುಚಿಯಲ್ಲ. ಎಷ್ಟು ಸುದ್ದಿ ಬಂದಿದೆ, ಎಷ್ಟು ಜಾಗವಿದೆ, ಎಷ್ಟು ಹೊತ್ತು ಉಳಿದಿದೆ ಎಂಬ ಯಾಂತ್ರಿಕ ಲೆಕ್ಕಗಳಲ್ಲೇ ಅವರು ಸಿಕ್ಕಿಕೊಂಡಿದ್ದರು. ಓದುಗ ಯಾರು, ಅವನಿಗೆ ಏನು ಬೇಕು ಎಂಬ ಯೋಚನೆಗೆ ಪುರುಸೊತ್ತು ಇರಲಿಲ್ಲ.

ಇನ್ನೂ ಆಳದ ಪ್ರಶ್ನೆಯನ್ನು ಪಾಲ್ ಹಿರ್ಷ್ 1977ರಲ್ಲಿ ಎತ್ತಿದರು. ವೈಟ್ ಕೊಟ್ಟ ಅಂಕಿಗಳನ್ನೇ ಮತ್ತೆ ನೋಡಿದಾಗ, ಅಪರಾಧ, ರಾಜಕೀಯ, ಮಾನವಾಸಕ್ತಿ ಇತ್ಯಾದಿ ಬಗೆಗಳು ತಂತಿಯಲ್ಲಿ ಯಾವ ಪ್ರಮಾಣದಲ್ಲಿ ಬಂದಿದ್ದವೋ, ಗೇಟ್ಸ್‌ನ ಪುಟದಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕಂಡವು. ಒಂದೊಂದು ವರದಿಯನ್ನು ಅವನು ತನ್ನಿಚ್ಛೆಯಂತೆ ಆರಿಸಿದ್ದ, ನಿಜ. ಆದರೆ ಪುಟದ ಒಟ್ಟು ಮಿಶ್ರಣವನ್ನು ಸುದ್ದಿಸಂಸ್ಥೆ ಆಗಲೇ ಕಲಸಿ ಕಳಿಸಿತ್ತು. 1982ರಲ್ಲಿ ವಿಟ್ನಿ ಮತ್ತು ಬೆಕರ್ ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಕೆಲವು ಬಗೆ ಹೆಚ್ಚು, ಕೆಲವು ಕಡಿಮೆ ಇರುವ ವರದಿಗಳ ಕಟ್ಟು ಕೊಟ್ಟಾಗ ಸಂಪಾದಕರ ಆಯ್ಕೆ ಆ ಪ್ರಮಾಣವನ್ನೇ ಅನುಸರಿಸಿತು. ಎಲ್ಲ ಬಗೆಗಳನ್ನೂ ಸಮಸಮವಾಗಿ ಕೊಟ್ಟಾಗ ಮಾತ್ರ ಅವರವರ ಆಯ್ಕೆ ಚದುರಿತು. ರಾಶಿಯ ಗಾತ್ರವೇ ಮಹತ್ವದ ಸುಳಿವಾಗಿ ಕೆಲಸ ಮಾಡಿತ್ತು.

ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿ ಇದೇ ಹಾದಿಗೆ ಮತ್ತೊಂದು ಬಾಗಿಲಿದೆ. ಪಿಟಿಐಯಂಥ ಸಂಸ್ಥೆಗಳ ಇಂಗ್ಲಿಷ್ ವರದಿಯನ್ನು ಉಪಸಂಪಾದಕರು ಕನ್ನಡಕ್ಕೆ ತರಬೇಕು. ಹಾಗಾಗಿ ವರದಿಯೊಂದು ಜಾಗವನ್ನಷ್ಟೇ ಅಲ್ಲ, ಒಬ್ಬರ ಅರ್ಧ ಗಂಟೆಯನ್ನೂ ಬೇಡುತ್ತದೆ. ತೊಡಕಿನ ನ್ಯಾಯಾಲಯದ ತೀರ್ಪಿಗಿಂತ ನಾಲ್ಕು ಪ್ಯಾರಾಗಳ ಸರಳ ವರದಿ ಬೇಗ ಪಾರಾಗುವುದು ಈ ಕಾರಣಕ್ಕೆ. ದೂರದ ಜಿಲ್ಲೆಗಳ ಆವೃತ್ತಿ ಬೇಗ ಮುಗಿಯುವುದರಿಂದ ತಡರಾತ್ರಿಯ ಸುದ್ದಿ ನಗರದ ಓದುಗನಿಗೆ ಸಿಕ್ಕಿ, ಅದೇ ಪತ್ರಿಕೆಯನ್ನು ಕೊಳ್ಳುವ ಹಳ್ಳಿಯ ಓದುಗನಿಗೆ ಸಿಗದಿರುವುದೂ ಉಂಟು.

ವೈಟ್ ಅವರ ಅಧ್ಯಯನಕ್ಕೆ ಮಿತಿಗಳಿದ್ದವು. ಅದು ಒಬ್ಬನೇ ವ್ಯಕ್ತಿಯದು, ಒಂದೇ ವಾರದ್ದು. ಕಾರಣಗಳನ್ನು ಬರೆದದ್ದೂ ಆರಿಸುವಾಗ ಅಲ್ಲ, ಕೆಲಸ ಮುಗಿದ ಮೇಲೆ. ಆಗ ನೆನಪಿಗೆ ಬರುವ ಕಾರಣ, ಆ ಗಳಿಗೆಯಲ್ಲಿ ಕೈಯನ್ನು ತಡೆದ ಕಾರಣವೇ ಆಗಿರಬೇಕೆಂದಿಲ್ಲ. ಅಲ್ಲದೆ ಗೇಟ್ಸ್ ಇದ್ದದ್ದು ಕೊನೆಯ ಬಾಗಿಲಲ್ಲಿ. ಘಟನೆಗೆ ವರದಿಗಾರನನ್ನು ಕಳಿಸುವಾಗ, ಸಂಸ್ಥೆಯ ಕಚೇರಿ ಅದನ್ನು ತಂತಿಗೆ ಏರಿಸುವಾಗ ಬಿಟ್ಟುಹೋದದ್ದು ಅವನ ಕಣ್ಣಿಗೇ ಬೀಳಲಿಲ್ಲ, ಹಾಗಾಗಿ ಅವುಗಳಿಗೆ ಚೀಟಿಯೂ ಇಲ್ಲ.

1966ರಲ್ಲಿ ಪಾಲ್ ಸ್ನೈಡರ್ ಅದೇ ಗೇಟ್ಸ್‌ನ ಬಳಿಗೆ ಹೋಗಿ ಅಧ್ಯಯನವನ್ನು ಮತ್ತೆ ನಡೆಸಿದರು. ಹದಿನೇಳು ವರ್ಷದ ನಂತರ ಈ ಬಾರಿ ಅವನು ಬಂದದ್ದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬಳಸುತ್ತಿದ್ದ. ಮೂರು ಸಂಸ್ಥೆಗಳ ಬದಲು ಆಗ ಅವನ ಮೇಜಿಗೆ ಬರುತ್ತಿದ್ದುದು ಒಂದೇ ಸಂಸ್ಥೆಯ ತಂತಿ.