ಡೇಟಾಬೇಸ್‌ನಲ್ಲಿ 599, ಪರದೆಯ ಮೇಲೆ 499

ಆನ್‌ಲೈನ್ ಅಂಗಡಿಯಲ್ಲಿ ಕುರ್ತಾದ ಬೆಲೆ 499 ಎಂದಿರುತ್ತದೆ, ಹಣ ಕಟ್ಟಲು ಹೋದರೆ 599 ಕೇಳುತ್ತದೆ. ಮೋಸ ಎಂದು ಬೈಯುತ್ತೇವೆ. ಎಷ್ಟೋ ಸಲ ಅದು ಕ್ಯಾಶ್‌ನ ಕಿತಾಪತಿ.

ಅಸಲಿ ಬೆಲೆ ಇರುವುದು ಡೇಟಾಬೇಸ್‌ನಲ್ಲಿ. ಕೇಳಿದವರಿಗೆಲ್ಲ ಅಲ್ಲಿಂದಲೇ ತೆಗೆದುಕೊಟ್ಟರೆ ಅದು ಸುಸ್ತಾಗುತ್ತದೆ. ಅದಕ್ಕೇ ಅದರ ಮುಂದೆ ರೆಡಿಸ್ ಇಡುತ್ತಾರೆ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ಈ ತಂತ್ರಾಂಶ ಮಾಹಿತಿಯನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವುದರಿಂದ ಚಕಚಕನೆ ಉತ್ತರಿಸುತ್ತದೆ.

ಹೆಚ್ಚು ಬಳಕೆಯಲ್ಲಿರುವ ಪದ್ಧತಿ ಕ್ಯಾಶ್-ಅಸೈಡ್. ಬೆಲೆ ರೆಡಿಸ್‌ನಲ್ಲಿದ್ದರೆ ಸರಿ. ಇಲ್ಲದಿದ್ದರೆ ಡೇಟಾಬೇಸ್‌ನಿಂದ ಓದಿ, ರೆಡಿಸ್‌ಗೂ ಒಂದು ಪ್ರತಿ ಹಾಕುತ್ತಾರೆ. ಬೆಲೆ ಬದಲಾದಾಗ ಮೊದಲು ಡೇಟಾಬೇಸ್ ತಿದ್ದಿ, ಆಮೇಲೆ ಆ ಪ್ರತಿಯನ್ನು ಅಳಿಸುತ್ತಾರೆ.

```
SET bele:42 499 EX 300
DEL bele:42
```

`EX 300` ಎಂದರೆ 300 ಸೆಕೆಂಡಿಗೆ ಆ ಪ್ರತಿ ತಾನಾಗಿಯೇ ಅಳಿಯುತ್ತದೆ. ತೊಂದರೆ ಹುಟ್ಟುವುದು ಸಣ್ಣ ಸಂದಿನಲ್ಲಿ. ಒಂದು ಸರ್ವರ್ ರೆಡಿಸ್‌ನಲ್ಲಿ ಏನೂ ಸಿಗದೆ ಡೇಟಾಬೇಸ್‌ನಿಂದ 499 ಓದಿಕೊಂಡು ಕ್ಷಣಕಾಲ ತಡವರಿಸಿತು ಎನ್ನಿ. ಅಷ್ಟರಲ್ಲಿ ಇನ್ನೊಂದು ಸರ್ವರ್ ಬೆಲೆಯನ್ನು 599 ಮಾಡಿ `DEL` ಹೊಡೆಯಿತು. ಅಳಿಸಲು ಅಲ್ಲಿ ಏನೂ ಇರಲಿಲ್ಲ. ಈಗ ಮೊದಲನೆಯದು ಎಚ್ಚೆತ್ತು, ಕೈಯಲ್ಲಿದ್ದ 499ನ್ನು ರೆಡಿಸ್‌ಗೆ ಹಾಕಿತು. ಇಬ್ಬರದೂ ತಪ್ಪಿಲ್ಲ, ಆದರೂ ಮುಂದಿನ ಐದು ನಿಮಿಷ ಎಲ್ಲರಿಗೂ ಹಳೇ ಬೆಲೆಯೇ ಗತಿ.

ಹಾಗಿದ್ದರೆ ಎರಡೂ ಕಡೆ ಒಟ್ಟಿಗೇ ಬರೆದರಾಯಿತಲ್ಲ? ಅದೇ ರೈಟ್-ಥ್ರೂ. ಆದರೆ ರೆಡಿಸ್ ತಾನಾಗಿ ಡೇಟಾಬೇಸ್‌ಗೆ ಬರೆಯುವುದಿಲ್ಲ. ಎರಡೂ ಕಡೆ ಬರೆಯುವುದು ನಮ್ಮ ಕೋಡ್. ಹಾಗಾಗಿ ಅವು ಎರಡು ಬೇರೆ ಬೇರೆ ಬರಹಗಳೇ. ಇಬ್ಬರು ಸಿಬ್ಬಂದಿ ಒಂದೇ ಹೊತ್ತಿಗೆ ಬೆಲೆ ತಿದ್ದಿದಾಗ ಡೇಟಾಬೇಸ್‌ಗೆ 549 ಮೊದಲು, 599 ಆಮೇಲೆ ಹೋಗಿ, ರೆಡಿಸ್‌ಗೆ ತಿರುವುಮುರುವಾಗಿ ತಲುಪಬಹುದು. ಆಗ ರೆಡಿಸ್‌ನಲ್ಲಿ ಉಳಿಯುವುದು 549. ಡೇಟಾಬೇಸ್‌ಗೆ ಬರೆದಾದ ಮೇಲೆ ರೆಡಿಸ್‌ನ ಸಂಪರ್ಕ ಕಡಿದರೂ ಇದೇ ಪಾಡು.

ಇಲ್ಲೊಂದು ಹಾಳು ಸೂಕ್ಷ್ಮವಿದೆ: `EX` ಇಲ್ಲದೆ ಬರೀ `SET` ಕೊಟ್ಟರೆ ಮೊದಲಿದ್ದ ಅವಧಿಯೂ ಅಳಿಸಿಹೋಗುತ್ತದೆ. `TTL bele:42` ಎಂದು ಕೇಳಿ -1 ಬಂದರೆ ಆ ಪ್ರತಿಗೆ ಅವಧಿಯೇ ಇಲ್ಲ. ತಪ್ಪು ಬೆಲೆ ಐದು ನಿಮಿಷವಲ್ಲ, ಮತ್ತೆ ಯಾರಾದರೂ ತಿದ್ದುವವರೆಗೂ ಕೂತಿರಬಹುದು.

ಪ್ರತಿ ತಿದ್ದುಪಡಿಗೂ ಡೇಟಾಬೇಸ್‌ನಲ್ಲೇ ಕ್ರಮಸಂಖ್ಯೆ ಕೊಟ್ಟು, ಹಳೇ ಸಂಖ್ಯೆಯ ಬರಹವನ್ನು ರೆಡಿಸ್‌ನಲ್ಲಿ ಪುಟ್ಟ ಲುವಾ ಸ್ಕ್ರಿಪ್ಟ್‌ನಿಂದ ತಿರಸ್ಕರಿಸಿದರೆ ಈ ಅದಲುಬದಲು ನಿಲ್ಲುತ್ತದೆ. ಅಷ್ಟು ಖಟಪಟಿ ಬೇಡ ಎನ್ನುವವರಿಗೆ ನನ್ನ ಆಯ್ಕೆ ಕ್ಯಾಶ್-ಅಸೈಡ್, ಜೊತೆಗೆ ಚಿಕ್ಕ ಅವಧಿ. ಯಾವುದನ್ನೇ ಆರಿಸಿಕೊಳ್ಳಿ, ಹಣ ಕಟ್ಟಿಸಿಕೊಳ್ಳುವಾಗ ಮಾತ್ರ ಬೆಲೆಯನ್ನು ಡೇಟಾಬೇಸ್‌ನಿಂದಲೇ ಓದಿ, ಬದಲಾಗಿದ್ದರೆ ಗ್ರಾಹಕರಿಗೆ ಮೊದಲೇ ತಿಳಿಸಿ.