ಪಾದದಿಂದ ದಿಗಂತಕ್ಕೆ ಎಷ್ಟು ಅಡಿ?

ಊರಲ್ಲಿಲ್ಲದ ಮಗನನ್ನೋ ಅಳಿಯನನ್ನೋ ಗ್ರೂಪ್ ಫೋಟೊಗೆ ಸೇರಿಸಿಕೊಡಿ ಎಂಬ ಬೇಡಿಕೆ ಸ್ಟುಡಿಯೊಗಳಿಗೆ ಹೊಸದೇನಲ್ಲ. ಅಂಚು ಕತ್ತರಿಸುವುದು, ಬಣ್ಣ ಹೊಂದಿಸುವುದು ಆಲ್ಬಂ ಡಿಸೈನರುಗಳಿಗೆ ಪಳಗಿದ ಕೆಲಸ. ಅಷ್ಟಾದರೂ ಕೆಲವು ಫೋಟೊಗಳಲ್ಲಿ ಸೇರಿಸಿದವನು ನೆಲದಿಂದ ಎದ್ದು ತೇಲುತ್ತಾನೆ, ಇಲ್ಲವೇ ಮುಂದಕ್ಕೆ ಜಾರುವಂತೆ ಕಾಣುತ್ತಾನೆ. ಹೆಚ್ಚಿನ ಸಲ ಇದಕ್ಕೆ ಕಾರಣ ಎರಡು ಫೋಟೊಗಳನ್ನು ತೆಗೆದ ಕ್ಯಾಮೆರಾಗಳ ಎತ್ತರ ಬೇರೆ ಬೇರೆಯಾಗಿರುವುದು.

ಸಮತಟ್ಟಾದ ನೆಲದಲ್ಲಿ ಕ್ಯಾಮೆರಾವನ್ನು 4 ಅಡಿ ಎತ್ತರದಲ್ಲಿಟ್ಟು ನೇರವಾಗಿ ಹಿಡಿದರೆ, ಹತ್ತಿರದವರಾಗಲಿ ದೂರದವರಾಗಲಿ, ನಿಂತ ಎಲ್ಲರನ್ನೂ ದಿಗಂತ ರೇಖೆ ನೆಲದಿಂದ 4 ಅಡಿಯಲ್ಲೇ ಹಾದುಹೋಗುತ್ತದೆ. ಇಟಲಿಯ ಆಲ್ಬರ್ಟಿ 1435ರಲ್ಲೇ ಚಿತ್ರಕಲೆಯ ಕುರಿತು ಬರೆದ ಗ್ರಂಥದಲ್ಲಿ, ದೂರ ನಿಂತವರ ತಲೆ ಹತ್ತಿರದವರ ತಲೆಯ ಮಟ್ಟದಲ್ಲೇ ಇದ್ದರೂ ಪಾದ ಮಾತ್ರ ಮೇಲೇರುತ್ತದೆ ಎಂದು ಗುರುತಿಸಿದ್ದ. ನೋಡುವವನ ಕಣ್ಣೂ ನಿಂತವರ ತಲೆಯೂ ಒಂದೇ ಎತ್ತರದಲ್ಲಿದ್ದಾಗ ಹಾಗಾಗುತ್ತದೆ.

ಹಂಪಿಯ ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥದ ಮುಂದೆ ತೆಗೆದ ಕುಟುಂಬದ ಫೋಟೊ ಒಂದಿದೆ ಎಂದುಕೊಳ್ಳೋಣ. ಅದಕ್ಕೆ ಮಗನನ್ನು ಸೇರಿಸಬೇಕು. ಮೊದಲು ದಿಗಂತ ಎಲ್ಲಿದೆ ಎಂದು ನೋಡಬೇಕು. ಹಿಂದಿನ ಬಂಡೆಗುಡ್ಡಗಳ ನೆತ್ತಿಯನ್ನೇ ದಿಗಂತವೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಗುಡ್ಡ ದಿಗಂತಕ್ಕಿಂತ ಮೇಲೆದ್ದಿರುತ್ತದೆ. ಅದರ ಬದಲು ಪಕ್ಕದ ಮಂಟಪದ ಜಗಲಿಯ ಅಂಚಿನ ಮೇಲೆ ಒಂದು ಗೆರೆ, ಅದೇ ಮಂಟಪದ ಸೂರಿನ ಅಂಚಿನ ಮೇಲೆ ಇನ್ನೊಂದು ಗೆರೆ ಎಳೆದು ದೂರಕ್ಕೆ ಮುಂದುವರಿಸಿ. ನಿಜದಲ್ಲಿ ಸಮಾನಾಂತರವಾದ ಈ ಗೆರೆಗಳು ಫೋಟೊದಲ್ಲಿ ಕೂಡುವ ಬಿಂದು ದಿಗಂತದ ಮೇಲೆಯೇ ಇರುತ್ತದೆ. ಅದರ ಮೂಲಕ ಒಂದು ಅಡ್ಡಗೆರೆ ಹಾಕಿದರೆ ಆಯಿತು.

ಈಗ ಅಪ್ಪನನ್ನು ಅಳೆಯೋಣ. ಅವರ ಎತ್ತರ ಐದೂವರೆ ಅಡಿ. ಫೋಟೊದಲ್ಲಿ ಪಾದದಿಂದ ನೆತ್ತಿಗೆ 1650 ಪಿಕ್ಸೆಲ್, ಪಾದದಿಂದ ದಿಗಂತಕ್ಕೆ 1200. ಅಂದರೆ ಅಡಿಗೆ 300 ಪಿಕ್ಸೆಲ್, ಕ್ಯಾಮೆರಾ ಇದ್ದದ್ದು 4 ಅಡಿ ಎತ್ತರದಲ್ಲಿ. 6 ಅಡಿಯ ಮಗ ಅಪ್ಪನ ಪಕ್ಕದಲ್ಲಿ ನಿಂತರೆ 1800 ಪಿಕ್ಸೆಲ್ ಇರಬೇಕು. ಹಿಂದೆ, ಪಾದ ದಿಗಂತಕ್ಕಿಂತ 800 ಪಿಕ್ಸೆಲ್ ಕೆಳಗೆ ಬರುವ ಜಾಗದಲ್ಲಿ ನಿಲ್ಲಿಸಿದರೆ ಅಡಿಗೆ 200ರಂತೆ 1200. ಎಲ್ಲಿ ನಿಂತರೂ ದಿಗಂತ ಅವನ ಎದೆಯ ಬಳಿ, 4 ಅಡಿಯಲ್ಲೇ ಹಾಯಬೇಕು.

ಇನ್ನು ಲೆನ್ಸಿನ ಮಾತು. ಮುಖ, ಮೈಕಟ್ಟು ಹೇಗೆ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂಬುದು, ಲೆನ್ಸ್ ಅಲ್ಲ. ಲೆನ್ಸಿನ ಅಳತೆ ಆ ದೂರವನ್ನು ಕಂಡುಹಿಡಿಯಲು ಬೇಕಾಗುತ್ತದೆ, ಅದು ಫೋಟೊ ಫೈಲಿನಲ್ಲೇ ದಾಖಲಾಗಿರುತ್ತದೆ. ನಮ್ಮ ಫೋಟೊವನ್ನು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸ್ ಹಾಕಿ ಅಡ್ಡವಾಗಿ ತೆಗೆದಿದ್ದಾರೆ, ಫೋಟೊದ ಎತ್ತರ 4000 ಪಿಕ್ಸೆಲ್. ಸೆನ್ಸರಿನ ಎತ್ತರ 24 ಮಿ.ಮೀ. ಆದ್ದರಿಂದ 35 ಮಿ.ಮೀ. ಎಂದರೆ ಸುಮಾರು 5830 ಪಿಕ್ಸೆಲ್. ಅದನ್ನು ಅಡಿಗೆ 300ರಿಂದ ಭಾಗಿಸಿದರೆ ಅಪ್ಪನಿದ್ದ ದೂರ ಸುಮಾರು 19 ಅಡಿ ಎಂದು ತಿಳಿಯುತ್ತದೆ. ಹಾಗಾಗಿ ಮಗ ಅಪ್ಪನ ಪಕ್ಕದಲ್ಲಿ ನಿಲ್ಲಬೇಕಿದ್ದರೆ ಅವನನ್ನೂ 19 ಅಡಿ ದೂರದಿಂದ, ಟ್ರೈಪಾಡನ್ನು 4 ಅಡಿಗೆ ಇಳಿಸಿ ತೆಗೆಯಬೇಕು. 50 ಮಿ.ಮೀ. ಲೆನ್ಸ್ ಹಾಕಿದರೂ ಅವನು ದೊಡ್ಡದಾಗಿ ಕಾಣುತ್ತಾನೆಯೇ ಹೊರತು ರೂಪ ಬದಲಾಗದು. ಚೌಕಟ್ಟಿನ ಅಂಚಿನಲ್ಲಿ ನಿಲ್ಲಿಸುವುದಾದರೆ ಮಾತ್ರ ಅದೇ ಲೆನ್ಸಿನಲ್ಲಿ, ಅದೇ ಅಂಚಿಗೆ ನಿಲ್ಲಿಸಿ ತೆಗೆಯುವುದು ಲೇಸು. ವೈಡ್ ಲೆನ್ಸ್ ಅಂಚಿನಲ್ಲಿರುವವರನ್ನು ಅಡ್ಡಕ್ಕೆ ಎಳೆಯುತ್ತದೆ.

ಮಗನ ಹಳೆಯ ಫೋಟೊ ಮಾತ್ರ ಸಿಕ್ಕಿದರೆ? ಅದನ್ನು ಎಷ್ಟು ಎತ್ತರದಿಂದ ತೆಗೆದರು ಎಂದು ಅವನ ಬಟ್ಟೆಯೇ ಹೇಳುತ್ತದೆ. ಕ್ಯಾಮೆರಾಕ್ಕಿಂತ ಕೆಳಗಿರುವ ಪಂಚೆಯ ಅಂಚು, ಬೆಲ್ಟು ನಡುವಿನಲ್ಲಿ ಕೆಳಕ್ಕೆ ಬಾಗಿರುತ್ತವೆ. ಮೇಲಿರುವ ಟೋಪಿಯ ಅಂಚು ಮೇಲಕ್ಕೆ ಕಮಾನಾಗುತ್ತದೆ. ಅಡ್ಡಪಟ್ಟೆಯ ಅಂಗಿಯಲ್ಲಿ ಯಾವ ಪಟ್ಟೆ ನೆಟ್ಟಗಿದೆಯೋ ಹೆಚ್ಚುಕಡಿಮೆ ಅಲ್ಲೇ ಆ ಫೋಟೊದ ದಿಗಂತ. ಅದು 4 ಅಡಿಯ ಸುತ್ತ ಇದ್ದರೆ ಫೋಟೊ ಹೊಂದುತ್ತದೆ. ಕಣ್ಣಿನ ಮಟ್ಟದಲ್ಲಿದ್ದರೆ ಬೂಟಿನ ಮೇಲ್ಭಾಗ ಪಕ್ಕದವರಿಗಿಂತ ಹೆಚ್ಚು ಕಾಣುತ್ತದೆ. ಅದನ್ನು ಹಿಗ್ಗಿಸಿ ಕುಗ್ಗಿಸಿ ಸರಿಮಾಡಲಾಗದು.

ಎಷ್ಟು ವ್ಯತ್ಯಾಸವನ್ನು ಕಣ್ಣು ಸಹಿಸುತ್ತದೆ ಎಂಬುದು ದೂರವನ್ನು ಅವಲಂಬಿಸಿದೆ. ಕ್ಯಾಮೆರಾ ಎತ್ತರದಲ್ಲಿ ಒಂದು ಅಡಿ ತಪ್ಪಿದರೆ 25 ಅಡಿ ದೂರದಲ್ಲಿ ನೋಟದ ಕೋನ ಸುಮಾರು 2 ಡಿಗ್ರಿ ಬದಲಾಗುತ್ತದೆ, ಯಾರ ಗಮನಕ್ಕೂ ಬಾರದು. 6 ಅಡಿ ದೂರದಲ್ಲಿ ಅದು 9 ಡಿಗ್ರಿ ದಾಟುತ್ತದೆ, ಗಲ್ಲದ ಅಡಿ, ಮೂಗಿನ ಹೊಳ್ಳೆ ಎಲ್ಲವೂ ಬೇರೆಯಾಗಿ ಕಾಣುತ್ತವೆ. ಆದ್ದರಿಂದ ಹೊಂದದ ಹಳೆಯ ಫೋಟೊ ಬಿಟ್ಟು ಬೇರೆ ದಾರಿಯಿಲ್ಲದಾಗ ಅನುಭವಿ ಡಿಸೈನರ್ ಅವನನ್ನು ಹಿಂದಿನ ಸಾಲಿಗೆ ಕಳಿಸಿ, ಪಾದಗಳನ್ನು ಮುಂದಿನವರ ಹಿಂದೆ ಮರೆಮಾಡುತ್ತಾನೆ. ಆಗಲೂ ಅಳತೆ ನಿರ್ಧರಿಸುವುದು ಮರೆಯಲ್ಲಿರುವ ಆ ಪಾದದಿಂದಲೇ.